ಒಂದೇ ಚೀಲಕ್ಕೆ ಇಬ್ಬರಿಗೆ ಮಾತು ಕೊಡದಿರಲು: ಮಳೆಗಾಲದ ಮುಂಚಿನ ಬುಕಿಂಗ್‌ಗೆ ದಾಸ್ತಾನು ಲೆಕ್ಕದ ಸಮಗ್ರ ಮಾರ್ಗದರ್ಶಿ

ಮೇ ತಿಂಗಳು ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕೃಷಿ ಸಾಮಗ್ರಿ ಅಂಗಡಿಗಳಿಂದ ಒಂದೇ ದೂರು ಕೇಳಿಬರುತ್ತದೆ. ಕಂಪ್ಯೂಟರಿನಲ್ಲಿ ಮೈಲುತುತ್ತ ಇದೆ ಎಂದು ತೋರಿಸುತ್ತಿತ್ತು, ಗೋದಾಮಿನಲ್ಲೂ ಚೀಲಗಳು ಕಣ್ಣೆದುರೇ ಇದ್ದವು, ಅದನ್ನು ನೋಡಿಯೇ ಹೂಂ ಅಂದೆವು. ಕೊನೆಗೆ ಜೀಪು ತಂದವರು ಇಬ್ಬರು, ಚೀಲ ಒಬ್ಬರಿಗಾಗುವಷ್ಟು ಮಾತ್ರ. ಅಡಿಕೆಯ ಕೊಳೆರೋಗಕ್ಕೆ ತುತ್ತ, ಸುಣ್ಣ ಬೆರೆಸಿದ ಬೋರ್ಡೋವನ್ನು ಮೊದಲ ಸಲ ಹೊಡೆಯುವುದು ಮಳೆ ಹಿಡಿಯುವ ಮುಂಚೆಯೇ ಆಗಬೇಕು. ಮರ ಹತ್ತಿ ಹೊಡೆಯುವ ಕೊನೆಗಾರ ಸಿಕ್ಕ ದಿನ ತುತ್ತ ಸಿಗದೆ ಹೋದರೆ ಆ ತೋಟದವರು ಮತ್ತೆ ಅವನ ಪಾಳಿಗಾಗಿ ಕಾಯಬೇಕಾಗುತ್ತದೆ.

ಈ ತಪ್ಪಿಗೆ ಕಾರಣ ಎಣಿಕೆಯಲ್ಲಿಲ್ಲ, ಕೇಳುವ ಪ್ರಶ್ನೆಯಲ್ಲಿದೆ. ‘ಎಷ್ಟು ಇದೆ?’ ಎಂದು ನೋಡಿ ಮಾತು ಕೊಡುತ್ತೇವೆ. ನೋಡಬೇಕಾದ್ದು ‘ಈಗಾಗಲೇ ಕೊಟ್ಟ ಯಾವ ಮಾತೂ ತಪ್ಪದ ಹಾಗೆ, ಆ ತಾರೀಕಿಗೆ ಇನ್ನೆಷ್ಟು ಕೊಡಬಹುದು?’ ಎಂಬುದನ್ನು. ಈ ಎರಡನೆಯ ಲೆಕ್ಕಕ್ಕೆ ವ್ಯಾಪಾರದಲ್ಲಿ ಅವೈಲಬಲ್ ಟು ಪ್ರಾಮಿಸ್, ಚಿಕ್ಕದಾಗಿ ಎಟಿಪಿ ಎನ್ನುತ್ತಾರೆ. ಮೈಲುತುತ್ತದ 25 ಕೆಜಿ ಚೀಲವನ್ನೇ ಉದಾಹರಣೆಯಾಗಿಟ್ಟುಕೊಂಡು ಇದನ್ನು ಹಂತ ಹಂತವಾಗಿ ಮಾಡೋಣ. ಹಂತಗಳ ಕ್ರಮ ಬದಲಿಸಬೇಡಿ. ನಾಲ್ಕನೆಯ ಹಂತದ ಸೂತ್ರವನ್ನು ಮೊದಲು ಹಾಕಿ, ಒಂದನೆಯ ಹಂತದ ಎಣಿಕೆಯನ್ನು ಆಮೇಲೆ ನೋಡಿಕೊಂಡರಾಯಿತು ಎನ್ನುವವರ ಹಾಳೆ ವಾರದೊಳಗೆ ಹಾದಿ ತಪ್ಪುತ್ತದೆ.

## ಶುರು ಮಾಡುವ ಮುಂಚೆ ಬೇಕಾದ್ದು

ಕೌಂಟರಿನವರು, ಗೋದಾಮಿನವರು, ಹೊರಗೆ ಆರ್ಡರ್ ಹಿಡಿಯುವವರು ಮೂವರೂ ತೆರೆದು ನೋಡಬಹುದಾದ ಒಂದೇ ಗೂಗಲ್ ಶೀಟ್ ಬೇಕು. ಕೌಂಟರಿನಲ್ಲೊಂದು ಡೈರಿ, ಯಜಮಾನರ ಜೇಬಿನಲ್ಲೊಂದು ಚೀಟಿ, ಹುಡುಗನ ವಾಟ್ಸಾಪಿನಲ್ಲೊಂದು ಪಟ್ಟಿ ಎಂದು ಮೂರು ಕಡೆ ಬುಕಿಂಗ್ ಇರುವ ತನಕ ಈ ಮಾರ್ಗದರ್ಶಿಯಿಂದ ಏನೂ ಉಪಯೋಗವಿಲ್ಲ. ಅವನ್ನೆಲ್ಲ ಒಂದು ಸಂಜೆ ಕೂತು ಶೀಟಿಗೆ ಏರಿಸಿ, ಹಳೆಯ ಡೈರಿಯನ್ನು ಬೀರುವಿನೊಳಗೆ ಇಟ್ಟುಬಿಡಿ.

ಇನ್ನೊಂದು ತೀರ್ಮಾನವೂ ಮೊದಲೇ ಆಗಬೇಕು. ಒಬ್ಬರಿಗೆ ಹಿಡಿದಿಟ್ಟ ಮಾಲನ್ನು ಬಿಡಿಸಿ ಮತ್ತೊಬ್ಬರಿಗೆ ಕೊಡುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ, ಅವರು ಯಾರೆಂದು ಎಲ್ಲರಿಗೂ ಗೊತ್ತಿರಲಿ. ಸಾಮಾನ್ಯವಾಗಿ ಅದು ಅಂಗಡಿ ಯಜಮಾನರು. ಅವರು ಊರಲ್ಲಿಲ್ಲದ ದಿನ ಯಾರು ಎಂಬುದನ್ನೂ ಹೇಳಿಟ್ಟಿರಬೇಕು.

## ಹಂತ 1: ಮಾರಬಹುದಾದ ಮಾಲನ್ನಷ್ಟೇ ಎಣಿಸಿ

ಗೋದಾಮಿಗೆ ಹೋಗಿ ಚೀಲ ಎಣಿಸಿ. ಬಿಲ್ಲಿಂಗ್ ಸಾಫ್ಟ್‌ವೇರಿನ ಸಂಖ್ಯೆಯನ್ನು ತಂದು ಇಲ್ಲಿ ಹಾಕಬೇಡಿ. ಬಿಲ್ಲಾಗದೆ ಹೋದ ಮಾಲು ಅದರಲ್ಲಿ ಇನ್ನೂ ಸೇರಿಕೊಂಡಿರುತ್ತದೆ, ವಾಪಸ್ ಬಂದರೂ ಏರಿಸದ ಮಾಲು ಅದರಲ್ಲಿ ಇರುವುದೇ ಇಲ್ಲ.

ನಮ್ಮ ಉದಾಹರಣೆಯ ಅಂಗಡಿಯಲ್ಲಿ ಮೇ 18ರ ಬೆಳಿಗ್ಗೆ 150 ಚೀಲ ಇವೆ. ಇದರಲ್ಲಿ 6 ಚೀಲಗಳು ಗೋಡೆಯ ತೇವ ಹಿಡಿದು ಒಳಗೆ ಗಂಟುಕಟ್ಟಿವೆ, ಹೊಲಿಗೆ ಬಿಚ್ಚಿ ತೂಕವೂ ಕಡಿಮೆಯಾಗಿದೆ. ಅವನ್ನು ಪೂರ್ತಿ ಚೀಲವೆಂದು ಯಾರಿಗೂ ಕೊಡುವಂತಿಲ್ಲ. ಇನ್ನು 4 ಚೀಲ ಆಗಲೇ ಬಿಲ್ಲಾಗಿ, ದುಡ್ಡೂ ಬಂದು, ಗಾಡಿಗಾಗಿ ಕಾಯುತ್ತಿವೆ. ಈ ಹತ್ತು ತೆಗೆದರೆ ಮಾರಬಹುದಾದ್ದು 140. ಶೀಟಿಗೆ ಹೋಗಬೇಕಾದ ಸಂಖ್ಯೆ ಇದು.

ಬಿಲ್ಲಾಗಿ ಕಾಯುತ್ತಿರುವ ಚೀಲಗಳನ್ನು ಬೇರೆ ಮೂಲೆಗೆ ಸರಿಸಿ, ಹೆಸರಿನ ಚೀಟಿ ಕಟ್ಟಿ. ಅವು ರಾಶಿಯಲ್ಲೇ ಉಳಿದರೆ ಮುಂದಿನ ಸಲ ಎಣಿಸುವವರು ಮತ್ತೆ ಲೆಕ್ಕಕ್ಕೆ ಸೇರಿಸುತ್ತಾರೆ.

## ಹಂತ 2: ಬರುವ ಲೋಡಿನಲ್ಲಿ ಯಾವುದನ್ನು ನಂಬಬಹುದು

‘ಮುಂದಿನ ವಾರ ಕಳಿಸ್ತೀವಿ’ ಎಂದು ಫೋನಿನಲ್ಲಿ ಕೇಳಿದ ಮಾತು ಶೀಟಿಗೆ ಬರಬಾರದು. ಆರ್ಡರ್ ಒಪ್ಪಿಕೊಂಡು, ಎಷ್ಟು ಚೀಲ, ಯಾವ ದಿನ ಲೋಡಾಗುತ್ತದೆ ಎಂದು ಡಿಸ್ಟ್ರಿಬ್ಯೂಟರ್ ಬರೆದು ತಿಳಿಸಿದ ಮೇಲೆ ಮಾತ್ರ ಅದು ಲೆಕ್ಕಕ್ಕೆ ಬರುವ ಮಾಲು.

ಹಾಕುವ ತಾರೀಕು ಕೂಡ ಲಾರಿ ಹೊರಡುವ ದಿನದ್ದಲ್ಲ. ಮಾಲು ಇಳಿದು, ಎಣಿಸಿ, ಹರಿದ ಚೀಲ ಬೇರೆ ಮಾಡಿ, ಗಿರಾಕಿಗೆ ಎತ್ತಿಕೊಡಬಹುದಾದ ದಿನದ್ದು. ಘಟ್ಟ ಹತ್ತಿ ಬರುವ ಲೋಡಾದರೆ ಇನ್ನೂ ಒಂದೆರಡು ದಿನ ಸೇರಿಸಿಕೊಳ್ಳಿ. ಮಳೆ ಜೋರಾದಾಗ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬರುವುದುಂಟು, ಆಗ ಲಾರಿ ಸುತ್ತುಹಾಕಿಕೊಂಡು ಬರಬೇಕು.

ನಮ್ಮ ಅಂಗಡಿಗೆ ಎರಡು ಲೋಡ್ ಖಾತ್ರಿಯಾಗಿವೆ. ಒಂದು ಮೇ 29ಕ್ಕೆ 80 ಚೀಲ, ಇನ್ನೊಂದು ಜೂನ್ 10ಕ್ಕೆ 100 ಚೀಲ.

## ಹಂತ 3: ಕೊಟ್ಟ ಮಾತುಗಳನ್ನು ಮೂರು ಬಗೆಯಾಗಿ ಬರೆಯಿರಿ

ಎಲ್ಲ ಬುಕಿಂಗ್ ಒಂದೇ ತೂಕದ್ದಲ್ಲ. ಫೋನ್ ಮಾಡಿ ‘ಇಪ್ಪತ್ತು ಚೀಲ ಇಟ್ಟಿರಿ ಮಾರಾಯ್ರೇ, ನಾಳೆ ಹೇಳ್ತೀನಿ’ ಅಂದವರದ್ದು ಬರೀ ಹಿಡಿತ. ಮುಂಗಡ ಕೊಟ್ಟವರದ್ದು ಬುಕಿಂಗ್. ರಾಶಿಯಿಂದ ಬೇರೆ ಮಾಡಿ ಚೀಟಿ ಕಟ್ಟಿದ್ದು ಎತ್ತಿಟ್ಟ ಮಾಲು. ಮೂರೂ ಎಟಿಪಿಯನ್ನು ಕಡಿಮೆ ಮಾಡುತ್ತವೆ. ಅವುಗಳ ನಡುವಿನ ವ್ಯತ್ಯಾಸ ಇರುವುದು ಯಾವಾಗ ಬಿಡುಗಡೆಯಾಗುತ್ತವೆ ಎಂಬುದರಲ್ಲಿ.

ಹಿಡಿತಕ್ಕೆ ಗಡುವು ಕಡ್ಡಾಯ. ಮಾಮೂಲಿ ದಿನಗಳಲ್ಲಿ ಮರುದಿನ ಸಂಜೆಯ ತನಕ, ಮಳೆ ಹತ್ತಿರ ಬಂದ ಮೇಲೆ ಅದೇ ದಿನ ಅಂಗಡಿ ಮುಚ್ಚುವ ತನಕ ಇಟ್ಟುಕೊಂಡರೆ ಸಾಕು. ಗಡುವನ್ನು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು. ಹೇಳದೆ ಬಿಡಿಸಿದರೆ ಅದು ಮಾತು ತಪ್ಪಿದ ಹಾಗೆಯೇ. ಬುಕಿಂಗ್‌ಗೆ ಬೇಕಾದ್ದು ಒಯ್ಯುವ ತಾರೀಕು. ಆ ದಿನ ದಾಟಿ ಮೂರು ದಿನವಾದರೂ ಬಾರದಿದ್ದರೆ ಫೋನ್ ಮಾಡಿ ಕೇಳಿ, ಹೊಸ ತಾರೀಕು ಹಾಕಿ ಅಥವಾ ಬಿಡಿಸಿ. ಎತ್ತಿಟ್ಟದ್ದನ್ನು ಯಜಮಾನರ ಒಪ್ಪಿಗೆ ಇಲ್ಲದೆ ಮುಟ್ಟುವ ಹಾಗಿಲ್ಲ.

ಮೊದಲ ದಿನದಿಂದಲೇ ತುಂಬ ಮಾಲನ್ನು ಎತ್ತಿಡುವ ಆತುರ ಬೇಡ. ಜೂನ್ 5ರ ಆರ್ಡರಿಗೆ ಮೇ 18ರಂದೇ 60 ಚೀಲ ಬೇರೆ ಜೋಡಿಸಿಟ್ಟರೆ ಅದಕ್ಕೂ ಮುಂಚೆ ಬರುವವರಿಗೆ ಕೊರತೆ ಬೀಳಬಹುದು, ನಡುವೆ ಬರುವ ಲೋಡ್ ಸುಮ್ಮನೆ ಬಿದ್ದಿರುತ್ತದೆ. ಚೀಲಕ್ಕೆ ಹೆಸರು ಅಂಟಿಸುವುದು ಒಯ್ಯುವ ಹಿಂದಿನ ದಿನ ಸಾಕು. ಅಲ್ಲಿಯ ತನಕ ಹಿಡಿದಿಡಬೇಕಾದ್ದು ಪ್ರಮಾಣವನ್ನು, ಇಂಥದೇ ಚೀಲವನ್ನಲ್ಲ.

ಕೌಂಟರಿಗೆ ಬಂದು ಒಂದೆರಡು ಚೀಲ ಹೊತ್ತುಕೊಂಡು ಹೋಗುವ ಸಣ್ಣ ಬೆಳೆಗಾರರು ಬುಕಿಂಗ್ ಮಾಡುವುದಿಲ್ಲ. ಅವರನ್ನು ಲೆಕ್ಕದಲ್ಲಿ ಮರೆತರೆ ದೊಡ್ಡ ಆರ್ಡರುಗಳು ಎಲ್ಲವನ್ನೂ ನುಂಗಿಬಿಡುತ್ತವೆ. ಅದಕ್ಕೆ ‘ಕೌಂಟರ್’ ಎಂಬ ಹೆಸರಿನಲ್ಲೇ ಒಂದು ಬುಕಿಂಗ್ ಸಾಲು ಬರೆದು 20 ಚೀಲ ಹಿಡಿದಿಡಿ. ಅಲ್ಲಿ ಒಂದು ಚೀಲ ಮಾರಾಟವಾದಾಗ ದಾಸ್ತಾನಿನಲ್ಲೂ ಒಂದು, ಆ ಸಾಲಿನಲ್ಲೂ ಒಂದು ಕಡಿಮೆಯಾಗಬೇಕು.

## ಹಂತ 4: ತಾರೀಕುವಾರು ಉಳಿಕೆ, ಅದರಿಂದ ಎಟಿಪಿ

ಶೀಟಿನಲ್ಲಿ `Book` ಎಂಬ ಹಾಳೆ ಮಾಡಿ. A ಕಾಲಂನಲ್ಲಿ ತಾರೀಕು, B ಮಾಲಿನ ಹೆಸರು, C ಯಾರು, D ಬರುವುದು, E ಹೋಗುವುದು, F ಸ್ಥಿತಿ, G ಗಡುವು, H ಬರೆದವರ ಹೆಸರು. ಸ್ಥಿತಿ ಮೂರೇ: `LIVE`, ಕೊಟ್ಟಾದ ಮೇಲೆ ಅಥವಾ ಲೋಡ್ ಇಳಿದ ಮೇಲೆ `DONE`, ಬಿಡಿಸಿದರೆ `VOID`. ಸಾಲನ್ನು ಅಳಿಸಬೇಡಿ. ಆಮೇಲೆ ಜಗಳ ಬಂದರೆ ಯಾರು ಯಾವಾಗ ಬಿಡಿಸಿದರು ಎಂದು ಗೊತ್ತಾಗಬೇಕು.

ಇನ್ನೊಂದು ಹಾಳೆಯಲ್ಲಿ H1ಗೆ ಮಾಲಿನ ಹೆಸರು, H2ಗೆ ಮಾರಬಹುದಾದ ದಾಸ್ತಾನು. A2ರಲ್ಲಿ `=TODAY()`, A3ರಲ್ಲಿ `=A2+1`, ಹೀಗೆ A61ರ ತನಕ. ಉಳಿದ ಸೂತ್ರಗಳು ಇವು:

```
B2: =SUMIFS(Book!$D:$D,Book!$A:$A,A2,Book!$B:$B,$H$1,Book!$F:$F,"LIVE")
C2: =SUMIFS(Book!$E:$E,Book!$A:$A,"<="&A2,Book!$B:$B,$H$1,Book!$F:$F,"LIVE")
C3: =SUMIFS(Book!$E:$E,Book!$A:$A,A3,Book!$B:$B,$H$1,Book!$F:$F,"LIVE")
D2: =$H$2+B2-C2
D3: =D2+B3-C3
E2: =MIN(D2:D$61)
```

B2 ಮತ್ತು E2ವನ್ನು ಕೆಳಗಿನ ತನಕ ಎಳೆಯಿರಿ. C ಮತ್ತು D ಕಾಲಂನಲ್ಲಿ ಮೂರನೆಯ ಸಾಲಿನಿಂದ ಎಳೆಯಿರಿ. C2 ಮಾತ್ರ ಬೇರೆ ಯಾಕೆಂದರೆ, ತಾರೀಕು ದಾಟಿದರೂ ಒಯ್ಯದೆ ಉಳಿದ ಬುಕಿಂಗುಗಳನ್ನು ಅದು ಇವತ್ತಿನ ಲೆಕ್ಕಕ್ಕೆ ಎಳೆದುಕೊಳ್ಳಬೇಕು. ಬರಬೇಕಾದ ಲೋಡಿಗೆ ಬೇಕೆಂದೇ ಹಾಗೆ ಮಾಡಿಲ್ಲ. ತಾರೀಕು ದಾಟಿದರೂ ಬಾರದ ಲಾರಿ ತಾನಾಗಿಯೇ ಲೆಕ್ಕದಿಂದ ಬಿದ್ದುಹೋಗುತ್ತದೆ, ಹೊಸ ತಾರೀಕು ಹಾಕಿದರೆ ಮಾತ್ರ ಮರಳಿ ಬರುತ್ತದೆ. ಬಾರದ ಮಾಲನ್ನು ಇದೆಯೆಂದು ಎಣಿಸುವ ತಪ್ಪು ಇದರಿಂದ ತಪ್ಪುತ್ತದೆ.

ಈ ಅಂಗಡಿಯ ಹಾಳೆಯಲ್ಲಿ ಮೇ 18ರಂದು ಏನಾದರೂ ನಡೆಯುವ ದಿನಗಳನ್ನಷ್ಟೇ ಹೆಕ್ಕಿದರೆ ಹೀಗೆ ಕಾಣುತ್ತದೆ:

| ತಾರೀಕು | ಏನು | ಉಳಿಕೆ | ಎಟಿಪಿ |
|---|---|---|---|
| ಮೇ 18 | ದಾಸ್ತಾನು 140, ಕೌಂಟರಿಗೆ 20 | 120 | 20 |
| ಮೇ 22 | ಸೊಸೈಟಿಗೆ 50 | 70 | 20 |
| ಮೇ 29 | ಲೋಡ್ 80 | 150 | 20 |
| ಮೇ 30 | ಬೆಳೆಗಾರರ ಗುಂಪಿಗೆ 70 | 80 | 20 |
| ಜೂನ್ 5 | ಹೊಸನಗರದ ಅಂಗಡಿಗೆ 60 | 20 | 20 |
| ಜೂನ್ 10 | ಲೋಡ್ 100 | 120 | 120 |

ಈಗ ಕೊಪ್ಪದ ಕಡೆಯ ಒಬ್ಬರು ಫೋನ್ ಮಾಡಿ, ಮೇ 24ಕ್ಕೆ 40 ಚೀಲ ಬೇಕು ಅನ್ನುತ್ತಾರೆ. ಗೋದಾಮಿನಲ್ಲಿ 150 ಇದೆ. ಸೊಸೈಟಿಯವರು ಒಯ್ದ ಮೇಲೂ ಪಟ್ಟಿಯ ಪ್ರಕಾರ 70 ಉಳಿಯುತ್ತದೆ. ಹೂಂ ಅನ್ನದೆ ಇರಲು ಯಾವ ಕಾರಣವೂ ಕಾಣುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ.

ಕಣ್ಣನ್ನು ಜೂನ್ 5ರ ಸಾಲಿಗೆ ಇಳಿಸಿ. ಅಲ್ಲಿ ಉಳಿಯುವುದು 20 ಮಾತ್ರ. ಮೇ 24ರಂದು ಹೊರಟ ಚೀಲ ಜೂನ್ 5ಕ್ಕೆ ವಾಪಸ್ ಬರುವುದಿಲ್ಲವಲ್ಲ. ಹಾಗಾಗಿ ಇವತ್ತು 40 ಕೊಟ್ಟರೆ ಹೊಸನಗರದವರಿಗೆ ಹೇಳಿದ 60ರಲ್ಲಿ 20 ಕಡಿಮೆ ಬೀಳುತ್ತದೆ. ಅದು ಗೊತ್ತಾಗುವುದು ಹನ್ನೆರಡು ದಿನ ಬಿಟ್ಟು, ಮಳೆ ಮೋಡದ ಕೆಳಗೆ, ಅವರ ಗಾಡಿ ಬಾಗಿಲಲ್ಲಿ ನಿಂತಾಗ. ಅದಕ್ಕೇ ಒಂದು ತಾರೀಕಿಗೆ ಕೊಡಬಹುದಾದ್ದು ಆ ದಿನದ ಉಳಿಕೆಯಲ್ಲ. ಆ ದಿನದಿಂದ ಮುಂದಕ್ಕೆ ಪಟ್ಟಿಯ ಕೊನೆಯ ತನಕ ಬರುವ ಉಳಿಕೆಗಳಲ್ಲಿ ಅತಿ ಚಿಕ್ಕದು. `MIN` ಮಾಡುವ ಕೆಲಸ ಇಷ್ಟೇ.

ಆದ್ದರಿಂದ ಸರಿಯಾದ ಉತ್ತರ ಹೀಗಿರುತ್ತದೆ: ‘ಭಟ್ರೇ, ಇಪ್ಪತ್ತನ್ನು ಇಪ್ಪತ್ನಾಲ್ಕಕ್ಕೆ ಕೊಡ್ತೀನಿ. ಉಳಿದ ಇಪ್ಪತ್ತು ಜೂನ್ ಹನ್ನೊಂದಕ್ಕೆ ಖಂಡಿತ. ಅಲ್ಲಿಯ ತನಕ ಕಾಯೋಕೆ ಆಗಲ್ಲ ಅಂದ್ರೆ ಈಗಲೇ ಹೇಳಿ, ಬೇರೆ ಕಡೆ ವಿಚಾರಿಸೋಕೆ ನಿಮಗೂ ಸಮಯ ಸಿಗುತ್ತೆ.’ ಅವರು ಒಪ್ಪಿದರೆ ಎರಡು ಸಾಲು ಬರೆಯಿರಿ. ಜೂನ್ 10ರ ಮುಂಚಿನ ಎಟಿಪಿ ಸೊನ್ನೆಗೆ ಇಳಿಯುತ್ತದೆ, ಜೂನ್ 11ರಿಂದ 80 ಉಳಿಯುತ್ತದೆ.

ಜೂನ್ 5ರೊಳಗೆ ಬೇರೆ ಡಿಸ್ಟ್ರಿಬ್ಯೂಟರ್ ಹತ್ತಿರ ಮಾಲು ಸಿಗಬಹುದು ಎಂದು ನಿಮಗೆ ಅನಿಸಿದರೆ ಅದಕ್ಕೂ ದಾರಿಯಿದೆ. ಮೊದಲು ಆ ಆರ್ಡರ್ ಖಾತ್ರಿ ಮಾಡಿಕೊಳ್ಳಿ, ಬರುವ ಸಾಲಾಗಿ `Book`ಗೆ ಹಾಕಿ, ಎಟಿಪಿ ಏರುವುದನ್ನು ನೋಡಿ, ಆಮೇಲೆ ಭಟ್ಟರಿಗೆ ಹೂಂ ಅನ್ನಿ. ಹೂಂ ಅಂದು ಆಮೇಲೆ ಮಾಲು ಹುಡುಕಲು ಹೊರಟರೆ ಎಲ್ಲ ಲೆಕ್ಕವೂ ಅಡಿಮೇಲಾಗುತ್ತದೆ.

## ಹಂತ 5: ಮೊದಲು ಬರೆಯಿರಿ, ಆಮೇಲೆ ಹೇಳಿ

ಲೆಕ್ಕ ಸರಿಯಿದ್ದರೂ ಗುದ್ದಾಟ ಆಗುವ ಇನ್ನೊಂದು ಜಾಗ ಇದು. ಕೌಂಟರಿನವರು ಎಟಿಪಿ 20 ಎಂದು ನೋಡುತ್ತಾರೆ. ಅದೇ ನಿಮಿಷದಲ್ಲಿ ಯಜಮಾನರು ಮನೆಯಿಂದ ಮೊಬೈಲಿನಲ್ಲಿ ಅದೇ 20ನ್ನು ನೋಡುತ್ತಾರೆ. ಇಬ್ಬರೂ ತಮ್ಮ ತಮ್ಮ ಗಿರಾಕಿಗೆ ಒಪ್ಪಿ, ಆಮೇಲೆ ಬರೆಯುತ್ತಾರೆ. ನೋಡುವುದಕ್ಕೂ ಬರೆಯುವುದಕ್ಕೂ ನಡುವಿನ ಆ ಎರಡು ನಿಮಿಷದಲ್ಲೇ ಒಂದೇ ಚೀಲ ಇಬ್ಬರ ಪಾಲಾಗುತ್ತದೆ.

ಗೂಗಲ್ ಶೀಟ್ ಇದನ್ನು ತಾನಾಗಿ ತಡೆಯುವುದಿಲ್ಲ, ನಿಯಮದಿಂದಲೇ ತಡೆಯಬೇಕು. ಗಿರಾಕಿ ಫೋನಿನಲ್ಲಿ ಇರುವಾಗಲೇ ಹಿಡಿತದ ಸಾಲು ಬರೆಯಿರಿ. ಎಟಿಪಿ ಕಾಲಂ ನೋಡಿ. ಯಾವ ದಿನವೂ ಸೊನ್ನೆಗಿಂತ ಕೆಳಗೆ ಹೋಗದಿದ್ದರೆ ಒಪ್ಪಿಗೆ ಹೇಳಿ. ಕೆಳಗೆ ಹೋಯಿತೆಂದರೆ ನೀವು ಬರೆಯುವಷ್ಟರಲ್ಲಿ ಬೇರೆ ಯಾರೋ ಬರೆದಿದ್ದಾರೆ ಎಂದರ್ಥ, ಕೆಳಗಿನ ಸಾಲು ಯಾರದ್ದೋ ಅವರು ತಮ್ಮದನ್ನು `VOID` ಮಾಡಬೇಕು. ಇದು ನಡೆಯಬೇಕಾದರೆ ಹೊಸ ಸಾಲುಗಳನ್ನು ಯಾವಾಗಲೂ ಕೊನೆಯಲ್ಲೇ ಸೇರಿಸಬೇಕು, ನಡುವೆ ತುರುಕಬಾರದು, `Book` ಹಾಳೆಯನ್ನು ಸಾರ್ಟ್ ಮಾಡಬಾರದು.

ಎಟಿಪಿ ಕಾಲಂನಲ್ಲಿ ಸೊನ್ನೆಗಿಂತ ಕಡಿಮೆಯಾದರೆ ಕೆಂಪು ಬಣ್ಣ ಬರುವ ಹಾಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿಡಿ. ಮೈನಸ್ ಕಾಣಬಾರದೆಂದು ಸೂತ್ರದಲ್ಲಿ ಅದನ್ನು ಸೊನ್ನೆ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಎಚ್ಚರಿಕೆ ಕೊಡಬೇಕಾದ ಸಂಖ್ಯೆಯೇ ಕಣ್ಣಿಗೆ ಬೀಳುವುದಿಲ್ಲ.

ನೆಟ್‌ವರ್ಕ್ ಸಿಗದ ಹಳ್ಳಿಗಳಿಗೆ ಆರ್ಡರ್ ಹಿಡಿಯಲು ಹೋಗುವ ಹುಡುಗನ ಕಥೆ ಬೇರೆ. ಆಗುಂಬೆ ಕಡೆ, ಶರಾವತಿ ಹಿನ್ನೀರಿನ ಕಡೆ ಅವನು ಹಗಲೆಲ್ಲ ಕಾಗದದ ಮೇಲೆ ಬರೆದು ಸಂಜೆ ಏರಿಸುತ್ತಾನೆ. ಅಷ್ಟರಲ್ಲಿ ಕೌಂಟರಿನಲ್ಲಿ ಅದೇ ಮಾಲು ಹೋಗಿರುತ್ತದೆ. ಅವನು ಬೆಳಿಗ್ಗೆ ಹೊರಡುವ ಮುಂಚೆಯೇ ಅವನ ಹೆಸರಿನಲ್ಲಿ ಒಂದು ಪಾಲು, ಹತ್ತು ಚೀಲ ಅನ್ನಿ, ಹಿಡಿದು ಬರೆಯಿರಿ. ಆ ಹತ್ತರ ತನಕ ಅವನು ಯಾರನ್ನೂ ಕೇಳದೆ ಮಾತು ಕೊಡಬಹುದು, ಹನ್ನೊಂದನೆಯದಕ್ಕೆ ‘ಸಂಜೆ ಹೇಳ್ತೀನಿ’ ಅನ್ನಬೇಕು. ವಾಪಸ್ ಬಂದ ಕೂಡಲೇ ಗಿರಾಕಿಗಳ ಹೆಸರಿಗೆ ಸಾಲು ಬರೆದು ಪಾಲಿನ ಸಾಲನ್ನು `VOID` ಮಾಡಲಿ. ಎರಡೂ ಉಳಿದರೆ ಒಂದೇ ಮಾಲು ಎರಡು ಸಲ ಕಳೆದುಹೋಗುತ್ತದೆ.

ದುಡ್ಡು ಕೊಟ್ಟು ಮಾಡಿಸಿದ ಸಾಫ್ಟ್‌ವೇರ್ ಇದ್ದರೆ ಅದನ್ನೂ ಪರೀಕ್ಷಿಸಿ. ಒಂದು ಮಾಲಿನಲ್ಲಿ ಹತ್ತು ಚೀಲ ಮಾತ್ರ ಉಳಿಸಿ, ಎರಡು ಕಂಪ್ಯೂಟರಿನಲ್ಲಿ ಇಬ್ಬರು ಕೂತು ಹತ್ತತ್ತು ಚೀಲದ ಬುಕಿಂಗ್ ತುಂಬಿ, ಒಟ್ಟಿಗೆ ಸೇವ್ ಒತ್ತಿ. ಎರಡೂ ಸೇವ್ ಆದರೆ ಆ ಸಾಫ್ಟ್‌ವೇರ್ ನೋಡಿದ ಮೇಲೆ ಬರೆಯುತ್ತಿದೆ, ನೋಡುತ್ತ ಬರೆಯುತ್ತಿಲ್ಲ. ಮಾಡಿಕೊಟ್ಟವರಿಗೆ ಅದನ್ನು ತೋರಿಸಿ ಸರಿಮಾಡಿಸಿ.

## ಹಂತ 6: ಬೆಳಗಿನ ಹತ್ತು ನಿಮಿಷ

ಅಂಗಡಿ ತೆರೆದ ಮೇಲೆ ಮೊದಲ ಫೋನ್ ಎತ್ತುವ ಮುಂಚೆ ಗಡುವು ದಾಟಿದ ಹಿಡಿತಗಳನ್ನು `VOID` ಮಾಡಿ. ಒಯ್ಯುವ ತಾರೀಕು ದಾಟಿದ ಬುಕಿಂಗ್‌ಗಳಿಗೆ ಫೋನ್ ಮಾಡಿ. ತಾರೀಕು ದಾಟಿದ ಲೋಡ್ ಇದ್ದರೆ ಡಿಸ್ಟ್ರಿಬ್ಯೂಟರನ್ನು ಕೇಳಿ ಹೊಸ ತಾರೀಕು ಹಾಕಿ. ನಿನ್ನೆ ಹೊರಟ ಮಾಲಿನ ಸಾಲುಗಳು `DONE` ಆಗಿವೆಯೇ ನೋಡಿ.

ಕೊನೆಯದ್ದರಲ್ಲೇ ಹೆಚ್ಚು ತಪ್ಪಾಗುವುದು. ಚೀಲ ಗಾಡಿಗೆ ಏರಿದಾಗ H2ರ ದಾಸ್ತಾನು ಇಳಿಸುವುದು, ಸಾಲನ್ನು `DONE` ಮಾಡುವುದು ಎರಡೂ ಒಂದೇ ಕೈಯಿಂದ, ಒಂದೇ ಹೊತ್ತಿಗೆ ಆಗಬೇಕು. ದಾಸ್ತಾನು ಮಾತ್ರ ಇಳಿಸಿದರೆ, ಸೊಸೈಟಿಯ 50 ಚೀಲ ಅನ್ನಿ, ಎರಡು ಸಲ ಕಳೆದು, ಇರುವ ಮಾಲನ್ನೇ ಇಲ್ಲ ಎನ್ನುತ್ತೀರಿ. ಸಾಲು ಮಾತ್ರ `DONE` ಮಾಡಿದರೆ ಹೋದ ಮಾಲನ್ನು ಇದೆ ಎನ್ನುತ್ತೀರಿ. ಲೋಡ್ ಇಳಿದಾಗಲೂ ಹೀಗೆಯೇ, ದಿಕ್ಕು ಮಾತ್ರ ತಿರುಗುಮುರುಗು. 80ರ ಬದಲು 77 ಬಂದಿದ್ದರೆ H2ಗೆ 77 ಸೇರಿಸಿ, ಉಳಿದ ಮೂರು ಯಾವಾಗ ಎಂಬುದು ಖಾತ್ರಿಯಾದ ಮೇಲೆ ಹೊಸ ಸಾಲು ಬರೆಯಿರಿ.

## ಹಂತ 7: ಲಾರಿ ತಡವಾದಾಗ

ಮೇ 27ಕ್ಕೆ ಬರೋಣ. ಸೊಸೈಟಿಯ 50, ಭಟ್ಟರ ಮೊದಲ 20 ಹೊರಟುಹೋಗಿವೆ. ಕೌಂಟರಿನ ಪಾಲು ಬಿಟ್ಟು ಕೈಯಲ್ಲಿ 50 ಇದೆ. ಮೇ 29ರ ಲೋಡ್ ಗೋದಾಮಿಗೆ ಸೇರುವುದು ಜೂನ್ 3ಕ್ಕೆ ಎಂದು ಸುದ್ದಿ ಬರುತ್ತದೆ. ತಾರೀಕು ತಿದ್ದಿದ ಕೂಡಲೇ ಮೇ 30ರ ಉಳಿಕೆ ಮೈನಸ್ 20ಕ್ಕೆ ಇಳಿದು ಎಟಿಪಿ ಕಾಲಂ ಕೆಂಪಾಗುತ್ತದೆ. ಜೂನ್ 3ಕ್ಕೆ 60, ಜೂನ್ 5ಕ್ಕೆ ಸೊನ್ನೆ.

ಶೀಟ್ ಹೇಳುತ್ತಿರುವುದು ಬಹಳ ಸ್ಪಷ್ಟ. ಕೊರತೆ 20 ಚೀಲ, ಅದೂ ಮೇ 30ರಿಂದ ಜೂನ್ 2ರ ತನಕ ಮಾತ್ರ. ತೊಂದರೆ ಇರುವುದು ಬೆಳೆಗಾರರ ಗುಂಪಿಗೆ ಒಂದೇ, ಬೇರೆ ಯಾರನ್ನೂ ಕದಲಿಸಬೇಕಿಲ್ಲ. ಅದೇ ದಿನ ಫೋನ್ ಹೋಗಬೇಕು: ‘ಗೌಡ್ರೇ, ನಿಮ್ಮ ಎಪ್ಪತ್ತರಲ್ಲಿ ಐವತ್ತು ಮೂವತ್ತಕ್ಕೇ ತಗೊಂಡು ಹೋಗಿ. ಲಾರಿ ಮೂರಕ್ಕೆ ಇಳಿಯುತ್ತೆ, ಉಳಿದ ಇಪ್ಪತ್ತು ನಾಲ್ಕಕ್ಕೆ ಕೊಡ್ತೀನಿ. ಯಾರ ತೋಟಕ್ಕೆ ಮೊದಲು ಹೊಡಿಸೋದು ಅಂತ ನಿಮ್ಮೊಳಗೆ ನೋಡಿಕೊಳ್ಳಿ.’ ಮೂರು ದಿನ ಮುಂಚೆ ಹೇಳಿದರೆ ಅವರು ಕೊನೆಗಾರರ ಪಾಳಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಗುಂಪಿನ ಸಾಲನ್ನು 50 ಮತ್ತು 20 ಎಂದು ಒಡೆದು ತಾರೀಕು ಹಾಕಿದರೆ ಕೆಂಪು ಮಾಯವಾಗುತ್ತದೆ, ಜೂನ್ 5ಕ್ಕೆ ಹೊಸನಗರದವರ 60 ಹಾಗೇ ಉಳಿಯುತ್ತದೆ.

ಕೌಂಟರಿನ 20 ಅಲ್ಲೇ ಇದೆಯಲ್ಲ, ಅದನ್ನೇ ಕೊಟ್ಟರೆ ಮುಗಿಯಿತು ಎಂದು ಅನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ದಾರಿ. ಒಂದೊಂದು ಚೀಲಕ್ಕೆ ಬರುವವರಿಗೆ ಬೇರೆ ಅಂಗಡಿ ಸುತ್ತಲು ಗಾಡಿ ಇರುವುದಿಲ್ಲ. ಯಜಮಾನರು ತೀರ್ಮಾನಿಸಿ ಕೌಂಟರಿನ ಸಾಲನ್ನು ತಿದ್ದಿ ಕೊಟ್ಟರೆ ಸರಿ. ಸಾಲನ್ನು ಹಾಗೇ ಬಿಟ್ಟು ಚೀಲ ಮಾತ್ರ ಎತ್ತಿಕೊಟ್ಟರೆ ಶೀಟ್ ಮತ್ತು ಗೋದಾಮು ಆ ದಿನದಿಂದ ಬೇರೆ ಬೇರೆ ಕಥೆ ಹೇಳತೊಡಗುತ್ತವೆ.

## ಹಂತ 8: ತುತ್ತ ಇದ್ದು ಸುಣ್ಣ ಇಲ್ಲದಿದ್ದರೆ

ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ತುತ್ತ, 1 ಕೆಜಿ ಸುಣ್ಣ ಬೇಕು. ಎರಡನ್ನೂ ನಿಮ್ಮಲ್ಲೇ ಕೊಳ್ಳುವ ಗಿರಾಕಿಗೆ ತುತ್ತ ಮಾತ್ರ ಹಿಡಿದಿಟ್ಟು ಸುಣ್ಣ ಮರೆತರೆ, ಅವರು ಬಂದ ದಿನ ಅರ್ಧ ಸಾಮಾನು ಸಿಕ್ಕಿ ಮಾಲು ಎತ್ತದೆ ಹೋಗುತ್ತಾರೆ. ಆ ತುತ್ತ ಬೇರೆ ಯಾರಿಗೂ ಸಿಗದೆ ಗೋದಾಮಿನಲ್ಲೇ ಕೂರುತ್ತದೆ.

ಸುಣ್ಣಕ್ಕೆ ಇನ್ನೊಂದು ಎಟಿಪಿ ಹಾಳೆ ಮಾಡಿ. ಸೆಟ್ ಕೇಳಿದವರಿಗೆ ಆ ತಾರೀಕಿನಲ್ಲಿ ಎರಡು ಹಾಳೆಗಳ ಕೆಜಿಗಳಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೇ ಮಾತು ಕೊಡಿ, ಎರಡು ಸಾಲು ಒಟ್ಟಿಗೆ ಬರೆಯಿರಿ, ಬಿಡಿಸುವಾಗಲೂ ಒಟ್ಟಿಗೆ ಬಿಡಿಸಿ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಸುಟ್ಟ ಸುಣ್ಣ ತೇವ ಹೀರಿ ತಾನಾಗಿ ಅರಳಿ ಪುಡಿಯಾಗುತ್ತದೆ. ಅದಕ್ಕೆ ಸುಣ್ಣದ ಹಾಳೆಯ ಮಾರಬಹುದಾದ ದಾಸ್ತಾನನ್ನು ವಾರಕ್ಕೊಮ್ಮೆಯಾದರೂ ಚೀಲ ಬಿಚ್ಚಿ ನೋಡಿಯೇ ತಿದ್ದಬೇಕು.

## ಶೀಟ್ ದಾರಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ

ಗೋದಾಮಿನಲ್ಲಿ ರಾಶಿ ಎತ್ತರವಾಗಿದ್ದರೂ ಎಟಿಪಿ ದಿನಗಟ್ಟಲೆ ಸೊನ್ನೆಯಲ್ಲಿ ನಿಂತಿದ್ದರೆ ಹಳೆಯ ಹಿಡಿತಗಳು ಬಿಡುಗಡೆಯಾಗಿಲ್ಲ, ಅಥವಾ ಹೊರಟ ಮಾಲಿನ ಸಾಲು `LIVE` ಆಗಿಯೇ ಉಳಿದಿದೆ. ಎಟಿಪಿ ಧಾರಾಳವಾಗಿದ್ದೂ ಗಿರಾಕಿಗಳು ಬರಿಗೈಯಲ್ಲಿ ಹೋಗುತ್ತಿದ್ದರೆ ಹೆಚ್ಚಿನ ಸಲ ಹಾಳಾದ ಚೀಲಗಳು ಎಣಿಕೆಯಲ್ಲಿ ಸೇರಿವೆ, ಇಲ್ಲವೇ ಯಾರೋ ಶೀಟಿನ ಹೊರಗೆ ಮಾತು ಕೊಡುತ್ತಿದ್ದಾರೆ.

H ಕಾಲಂನಲ್ಲಿ ಒಬ್ಬರ ಹೆಸರಿನಲ್ಲೇ ಹಿಡಿತಗಳು ಹೆಚ್ಚಿದ್ದು, ಅವುಗಳಲ್ಲಿ ಹೆಚ್ಚಿನವು ಗಡುವಿಗೆ ಬಿದ್ದುಹೋಗುತ್ತಿದ್ದರೆ ಆ ವ್ಯಕ್ತಿ ಮುಂದೆ ಬರಬಹುದಾದ ತನ್ನ ಗಿರಾಕಿಗಳಿಗಾಗಿ ಮಾಲನ್ನು ಬಚ್ಚಿಡುತ್ತಿದ್ದಾರೆ. ಅವರನ್ನು ಕೂರಿಸಿ ಮಾತಾಡಿ, ಹಂತ 5ರಲ್ಲಿ ಹೇಳಿದ ಹಾಗೆ ಅವರಿಗೊಂದು ಪಾಲು ನಿಗದಿ ಮಾಡಿ. ಕದ್ದು ಹಿಡಿಯುವ ಅಗತ್ಯ ಆಗ ಉಳಿಯುವುದಿಲ್ಲ.

ಪಟ್ಟಿ 60 ದಿನ ಮಾತ್ರ ನೋಡುತ್ತದೆ ಎಂಬುದೂ ನೆನಪಿರಲಿ. ಮೊದಲ ಸಿಂಪಡಣೆಯಾದ 40–45 ದಿನಕ್ಕೆ ಎರಡನೆಯದ್ದು ಬರುತ್ತದೆ. ಮೇ ಕೊನೆಯಲ್ಲೇ ಕೆಲವರು ಅದಕ್ಕೂ ಸೇರಿಸಿ ಮುಂಗಡ ಕೊಡುತ್ತಾರೆ. ಅಂಥ ಬುಕಿಂಗ್ 60 ದಿನದ ಆಚೆ ಬಿದ್ದರೆ ಎಟಿಪಿಗೆ ಅದು ಕಾಣುವುದೇ ಇಲ್ಲ, ಸಾಲುಗಳನ್ನು 90 ದಿನಕ್ಕೆ, ಅಂದರೆ 91ನೆಯ ಸಾಲಿನ ತನಕ ಎಳೆದು `E2`ರ ಸೂತ್ರದಲ್ಲಿ `D$61`ನ್ನು `D$91` ಮಾಡಿ ಮತ್ತೆ ಕೆಳಗಿನ ತನಕ ಎಳೆಯಿರಿ. ಎರಡನೆಯ ಸುತ್ತಿಗೆ ಒಯ್ಯುವ ತಾರೀಕು ಯಾರೂ ಖಚಿತವಾಗಿ ಹೇಳುವುದಿಲ್ಲ, ಮಳೆ ಹೊಳವಾದ ದಿನ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಅವರ ಸಾಲುಗಳಿಗೆ, ಅವರು ಬರಬಹುದಾದ ಅತಿ ಮುಂಚಿನ ದಿನವನ್ನೇ ತಾರೀಕಾಗಿ ಹಾಕಿ.